ರಿಕ್ರೂಟರ್‌ಗೆ ನಾನು ಕೇಳಿದ್ದು, ಅವರು ನನಗೆ ಕೇಳಿದ್ದು

ಬೆಂಗಳೂರಿನ ಔಟರ್ ರಿಂಗ್ ರೋಡ್‌ನಲ್ಲಿರುವ ಒಂದು ಸಾಫ್ಟ್‌ವೇರ್ ಸರ್ವಿಸಸ್ ಕಂಪನಿಯಲ್ಲಿ ನಾನು ಏಳು ವರ್ಷ ಅಕೌಂಟ್ ಮ್ಯಾನೇಜರ್ ಆಗಿದ್ದೆ. ಅಲ್ಲಿಂದ ಹೋಗಲು ಹೊರಟಿದ್ದು ನೇರ ಎದುರಾಳಿಯ ಹತ್ತಿರ. ಎಷ್ಟು ನೇರ ಅಂದರೆ, ನಮ್ಮ ಕ್ಯಾಂಟೀನ್‌ನಲ್ಲಿ ಕೂತು ಕಾಫಿ ಕುಡಿಯುವಾಗ ಅವರ ಬೋರ್ಡ್ ಕಾಣುತ್ತಿತ್ತು.

ಮೊದಲ ಫೋನ್‌ನಲ್ಲೇ ರಿಕ್ರೂಟರ್‌ಗೆ ಹೇಳಿದೆ: "ಮೇಡಂ, ನನ್ನ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ನಾನ್-ಕಂಪೀಟ್ ಇದೆ. ಬಿಟ್ಟ ಮೇಲೆ ಒಂದು ವರ್ಷ ಈ ಐದು ಕಂಪನಿ ಸೇರಬಾರದು ಅಂತ ಹೆಸರು ಹಾಕಿ ಬರೆದಿದ್ದಾರೆ. ನೀವು ಹೇಳ್ತಿರೋ ಕಂಪನಿನೂ ಅದರಲ್ಲಿದೆ."

ಅವರು ನಕ್ಕರು. "ಅಯ್ಯೋ ಸರ್, ಅದೆಲ್ಲ ಇಂಡಿಯಾದಲ್ಲಿ ನಡೆಯಲ್ಲ. ಎಲ್ಲರೂ ಸೈನ್ ಮಾಡಿರ್ತಾರೆ, ಎಲ್ಲರೂ ಹೋಗ್ತಾರೆ."

ಆ ಮಾತು ಅರ್ಧ ನಿಜ. ಇನ್ನರ್ಧ ಅವರು ಹೇಳಲಿಲ್ಲ, ಹೇಳುವುದು ಅವರ ಕೆಲಸವೂ ಅಲ್ಲ. ಅವರಿಗೆ ದುಡ್ಡು ಕೊಡುವುದು ಹೊಸ ಕಂಪನಿ. ನಾನು ಸೇರಿದರೆ ಮಾತ್ರ ಅವರ ಬಿಲ್ ಪಾಸಾಗುವುದು. ಇದು ಗೊತ್ತಿದ್ದರೆ ಅವರ ಮಾತನ್ನು ಎಷ್ಟು ತೂಗಬೇಕು ಅನ್ನುವುದೂ ಗೊತ್ತಾಗುತ್ತದೆ.

ಆ ವಾರಾಂತ್ಯ ಹಳೆಯ ಕಾಗದಗಳನ್ನೆಲ್ಲ ಹರಡಿಕೊಂಡು ಕೂತೆ. ಅಪಾಯಿಂಟ್‌ಮೆಂಟ್ ಲೆಟರ್ ಒಂದೇ ಅಲ್ಲ, ನಡುವೆ ಸಹಿ ಹಾಕಿದ್ದ ರಿಟೆನ್ಷನ್ ಬೋನಸ್ ಪತ್ರವನ್ನೂ ಓದಿದೆ. ಆಮೇಲೆ ವಕೀಲನಾಗಿರುವ ಚಿಕ್ಕಪ್ಪನ ಮಗನಿಗೆ ತೋರಿಸಿದೆ. ಅವನು ನಾನ್-ಕಂಪೀಟ್ ಸಾಲಿನ ಮೇಲೆ ಒಂದು ನಿಮಿಷವೂ ನಿಲ್ಲಲಿಲ್ಲ. "ಅಣ್ಣ, 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಅಂತ ಒಂದಿದೆ. ಕೆಲಸ ಬಿಟ್ಟ ಮನುಷ್ಯನನ್ನ ತನ್ನ ಕಸುಬು ಮಾಡಬೇಡ ಅಂತ ತಡೆಯೋ ಕರಾರು ನಿಲ್ಲಲ್ಲ. ಆದರೆ ನೋಟಿಸ್ ಪೀರಿಯಡ್ ಮುಗಿಯೋ ತನಕ ನೀನು ಇವರ ನೌಕರನೇ. ಆ ಮೂರು ತಿಂಗಳಲ್ಲಿ ಅಲ್ಲಿಗೆ ಕಾಲಿಡಬೇಡ." ಕೆಲಸದಲ್ಲಿ ಇರುವಾಗಿನ ತಡೆಯನ್ನು ಸುಪ್ರೀಂ ಕೋರ್ಟ್ 1967ರ ಗೋಲಿಕರಿ ಪ್ರಕರಣದಲ್ಲೇ ಎತ್ತಿಹಿಡಿದಿದೆಯಂತೆ. ಅಲ್ಲೂ ಕರಾರಿನ ಅವಧಿ ಮುಗಿಯುವ ಮೊದಲೇ ಒಬ್ಬರು ಎದುರಾಳಿ ಕಂಪನಿ ಸೇರಿದ್ದರು.

ಅವನ ಬೆರಳು ನಿಂತಿದ್ದು ಕೆಳಗಿನ ಪ್ಯಾರಾದಲ್ಲಿ. ಅದು ನಾನ್-ಸಾಲಿಸಿಟ್. ಕೊನೆಯ ಹನ್ನೆರಡು ತಿಂಗಳಲ್ಲಿ ನಾನು ನೋಡಿಕೊಂಡ ಗ್ರಾಹಕರ ಹತ್ತಿರ ಒಂದು ವರ್ಷ ವ್ಯವಹಾರ ಕೇಳಿಕೊಂಡು ಹೋಗಬಾರದು, ಇಲ್ಲಿನ ನೌಕರರನ್ನು ಸೆಳೆಯಬಾರದು. ನಾನು ಅದನ್ನು ಸರಿಯಾಗಿ ಓದಿಯೇ ಇರಲಿಲ್ಲ. 2009ರಲ್ಲಿ ದೆಹಲಿ ಹೈಕೋರ್ಟ್ ಮುಂದೆ ಬಂದ ಡೆಸಿಕೆಂಟ್ ರೋಟರ್ಸ್ ಪ್ರಕರಣ ಹೆಚ್ಚು ಕಡಿಮೆ ನನ್ನಂಥವರದ್ದೇ, ಮಾರ್ಕೆಟಿಂಗ್ ನೋಡಿಕೊಳ್ಳುತ್ತಿದ್ದ ಒಬ್ಬ ಮ್ಯಾನೇಜರ್‌ದು. ಎದುರಾಳಿ ಕಂಪನಿ ಸೇರಬೇಡ ಅನ್ನಲು ಕೋರ್ಟ್ ಒಪ್ಪಲಿಲ್ಲ. ಹಳೆ ಕಂಪನಿಯ ಗ್ರಾಹಕರನ್ನು ಹುಡುಕಿಕೊಂಡು ಹೋಗಬೇಡ ಅಂತ ಮಾತ್ರ ತಡೆ ಕೊಟ್ಟಿತು. ಅಂದರೆ ನಾನು ಹೆದರುತ್ತಿದ್ದದ್ದು ಒಂದಕ್ಕೆ, ಹೆದರಬೇಕಾಗಿದ್ದದ್ದು ಇನ್ನೊಂದಕ್ಕೆ.

ಎರಡನೇ ಫೋನ್‌ನಲ್ಲಿ "ಇದು ನಡೆಯುತ್ತಾ, ಇಲ್ವಾ" ಅಂತ ಕೇಳಲಿಲ್ಲ. ಅದಕ್ಕೆ ವಕೀಲ ಇದ್ದಾನೆ. ರಿಕ್ರೂಟರ್‌ಗೆ ಮಾತ್ರ ಗೊತ್ತಿರುವ ಸಂಗತಿ ಬೇರೆ ಇವೆ. ಈ ಕಂಪನಿಯಿಂದ ಆ ಕಂಪನಿಗೆ ಹಿಂದೆ ನೀವೇ ಯಾರನ್ನಾದರೂ ಸೇರಿಸಿದ್ದೀರಾ, ಅವರಿಗೆ ಏನಾಯಿತು ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡು ವರ್ಷದಲ್ಲಿ ಮೂವರನ್ನು ಸೇರಿಸಿದ್ದೀನಿ ಅಂದರು. ಇಬ್ಬರು ಇಂಜಿನಿಯರ್‌ಗಳು, ಅವರಿಗೆ ಏನೂ ಆಗಲಿಲ್ಲ. ಮೂರನೆಯವರು ನನ್ನ ಹಾಗೆ ಸೇಲ್ಸ್ ಕಡೆಯವರು. ಅವರಿಗೆ ಲೀಗಲ್ ನೋಟಿಸ್ ಬಂದಿತ್ತು, ರಿಲೀವಿಂಗ್ ಲೆಟರ್ ನಾಲ್ಕು ತಿಂಗಳು ಸಿಕ್ಕಿರಲಿಲ್ಲ. ನನಗೆ ಬೇಕಾಗಿದ್ದದ್ದು ಈ ಉತ್ತರ. ಬಹಳ ಸಲ ಹಳೆ ಕಂಪನಿ ಕೋರ್ಟಿಗೆ ಹೋಗುವುದೇ ಇಲ್ಲ. ರಿಲೀವಿಂಗ್ ಲೆಟರ್ ಹಿಡಿದಿಟ್ಟುಕೊಂಡರೆ ಸಾಕು, ಹೊಸ ಕಂಪನಿಯ ಬ್ಯಾಕ್‌ಗ್ರೌಂಡ್ ಚೆಕ್ ಅಲ್ಲೇ ನಿಲ್ಲುತ್ತದೆ.

ಹಾಗಾಗಿ ಮುಂದಿನ ಪ್ರಶ್ನೆ ಅದೇ ಆಯಿತು. ರಿಲೀವಿಂಗ್ ಲೆಟರ್ ತಡವಾದರೆ, ರಾಜೀನಾಮೆ ಒಪ್ಪಿಕೊಂಡ ಮೇಲ್ ಮತ್ತು ಕೊನೆಯ ಪೇಸ್ಲಿಪ್ ಇಟ್ಟುಕೊಂಡು ಸೇರಿಸಿಕೊಳ್ಳುತ್ತಾರಾ? ವಿಚಾರಿಸಿ ಹೇಳುತ್ತೀನಿ ಅಂದರು. ಫೋನ್‌ನಲ್ಲಿ ಬೇಡ, ಎಚ್ಆರ್ ಕಡೆಯಿಂದ ಮೇಲ್ ತರಿಸಿಕೊಡಿ ಅಂದೆ. ನಾಲ್ಕು ದಿನ ಬೇಕಾಯಿತು, ಆದರೆ ಬಂತು.

ಬೋನಸ್ ಮಾತು ಬೇರೆ. ಒಂದೂವರೆ ವರ್ಷ ಇರದಿದ್ದರೆ ವಾಪಸ್ ಕೊಡಬೇಕು ಅಂತ ಆ ಪತ್ರದಲ್ಲಿತ್ತು, ಇನ್ನೂ ಐದು ತಿಂಗಳು ಬಾಕಿ ಇತ್ತು. ಇದನ್ನೂ ನಡೆಯಲ್ಲ ಅಂದುಕೊಂಡರೆ ಕಷ್ಟ. ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನುವ ವಿಜಯಾ ಬ್ಯಾಂಕಿನ ಕರಾರನ್ನು 2025ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ನಾನು ಸುಮ್ನೆ ಆ ಮೊತ್ತವನ್ನು ಜಾಯಿನಿಂಗ್ ಬೋನಸ್‌ಗೆ ಸೇರಿಸಿ ಕೇಳಿದೆ. ಇಂಥ ಚೌಕಾಸಿಯಲ್ಲಿ ರಿಕ್ರೂಟರ್ ನಿಜಕ್ಕೂ ನಮ್ಮ ಪರ. ಮುಕ್ಕಾಲು ಪಾಲು ಸಿಕ್ಕಿತು.

ಒಂದು ವಿಷಯದಲ್ಲಿ ಮಾತ್ರ ಅವರ ಮಾತು ಕೇಳಲಿಲ್ಲ. "ಅಗ್ರಿಮೆಂಟ್ ಪೂರ್ತಿ ಕಳಿಸಿ ಸರ್, ಕ್ಲೈಂಟ್‌ಗೆ ತೋರಿಸ್ತೀನಿ" ಅಂದರು. ಅದರಲ್ಲಿ ನನ್ನ ಸಂಬಳದ ಲೆಕ್ಕವೂ ಇತ್ತು, ಇದು ಗುಟ್ಟಾಗಿರಬೇಕು ಅನ್ನುವ ಸಾಲೂ ಇತ್ತು. ನಾನ್-ಕಂಪೀಟ್, ನಾನ್-ಸಾಲಿಸಿಟ್ ಪ್ಯಾರಾಗಳಲ್ಲಿ ಏನಿದೆ ಅಂತ ನನ್ನ ಮಾತಿನಲ್ಲೇ ಬರೆದು ಕಳಿಸಿದೆ. ನನ್ನ ಸ್ವಂತ ಮೇಲ್‌ನಿಂದ, ಆಫೀಸ್ ಮೇಲ್‌ನಿಂದ ಅಲ್ಲ.

ಇಷ್ಟೆಲ್ಲ ಆದ ಮೇಲೆ, ಫೋನ್ ಇಡುವ ಮುಂಚೆ ಅವರು ಬಹಳ ಸಹಜವಾಗಿ ಕೇಳಿದರು: "ಸರ್, ನಿಮ್ಮ ಟೀಮಲ್ಲಿ ಒಳ್ಳೆಯವರು ಇನ್ಯಾರಾದ್ರೂ ಇದ್ದಾರಾ? ಎರಡು ನಂಬರ್ ಕೊಡಿ, ನಾನೇ ಮಾತಾಡ್ತೀನಿ."

ನನ್ನ ಬಾಯಿಗೆ ಎರಡು ಹೆಸರು ಬಂದೇ ಬಿಟ್ಟಿದ್ದವು. ಚಿಕ್ಕಪ್ಪನ ಮಗ ಬೆರಳಿಟ್ಟು ತೋರಿಸಿದ್ದ ಪ್ಯಾರಾ ಆಗ ನೆನಪಾಯಿತು. ನಾನು ಇನ್ನೂ ಇದೇ ಕಂಪನಿಯ ನೌಕರ. ನನ್ನ ವಾಟ್ಸಾಪ್‌ನಿಂದ ಹೋದ ಒಂದು ನಂಬರ್ ಆರು ತಿಂಗಳಾದ ಮೇಲೆ ಸ್ಕ್ರೀನ್‌ಶಾಟ್ ಆಗಿ ನನ್ನ ಮುಂದೆ ಬಂದು ನಿಲ್ಲಬಹುದು. "ಮೇಡಂ, ಇದನ್ನ ನನ್ನ ಹತ್ರ ಕೇಳಬೇಡಿ" ಅಂದೆ. ಅವರಿಗೆ ಬೇಜಾರಾಗಲಿಲ್ಲ. ಕೇಳುವುದು ಅವರ ಅಭ್ಯಾಸ, ಅಷ್ಟೇ.

ಇಂಟರ್‌ವ್ಯೂನಲ್ಲೂ ಅದೇ ಪ್ರಶ್ನೆ ಬೇರೆ ರೂಪದಲ್ಲಿ ಬಂತು. ನೀವು ಬಂದರೆ ಯಾವ ಅಕೌಂಟ್‌ಗಳು ಜೊತೆಗೆ ಬರಬಹುದು ಅಂತ. ನನ್ನ ಹತ್ತಿರ ಮೂರು ದೊಡ್ಡ ಗ್ರಾಹಕರಿದ್ದರು, ಹೆಸರು ಹೇಳಲಿಲ್ಲ. ಮೊದಲ ವರ್ಷ ಆ ಮೂರು ಕಡೆ ನಾನು ಹೋಗುವುದಿಲ್ಲ, ಇನ್ಶೂರೆನ್ಸ್ ಕ್ಷೇತ್ರದಲ್ಲಿ ಹೊಸ ಗ್ರಾಹಕರನ್ನು ತರುತ್ತೇನೆ ಅಂದೆ. ಆಫರ್ ಕೈಜಾರುತ್ತದೇನೋ ಅನ್ನಿಸಿತ್ತು. ಜಾರಲಿಲ್ಲ, ಆದರೆ ವೇರಿಯಬಲ್ ಪೇ ಟಾರ್ಗೆಟ್ ಮೇಲೆ ಮತ್ತೊಂದು ಸುತ್ತು ಮಾತು ನಡೆಯಿತು. ಆಫರ್ ಲೆಟರ್‌ನಲ್ಲಿ "ಹಿಂದಿನ ಯಾವ ಕರಾರಿಗೂ ನಾನು ಬದ್ಧನಲ್ಲ" ಅಂತ ಒಂದು ಸಾಲಿತ್ತು. ಅದು ಸುಳ್ಳು, ಸಹಿ ಹಾಕಿದ್ದರೆ ತಪ್ಪೆಲ್ಲ ನನ್ನ ತಲೆಗೆ ಬರುತ್ತಿತ್ತು. ರಿಕ್ರೂಟರ್ ಮೂಲಕ ಹೇಳಿಸಿ, "ತಿಳಿಸಿರುವ ಷರತ್ತುಗಳನ್ನು ಬಿಟ್ಟು" ಅಂತ ಸೇರಿಸಿಕೊಂಡೆ.

ರಿಲೀವಿಂಗ್ ಲೆಟರ್ ಆರು ವಾರ ತಡವಾಯಿತು. ತರಿಸಿಟ್ಟುಕೊಂಡಿದ್ದ ಆ ಮೇಲ್ ಕೆಲಸಕ್ಕೆ ಬಂತು. ಸೇರಿದ ಎರಡನೇ ತಿಂಗಳು ಆ ಮೂವರಲ್ಲಿ ಒಬ್ಬ ಗ್ರಾಹಕರು ತಾವೇ ಮೆಸೇಜ್ ಮಾಡಿದರು, ಹೊಸ ಕಂಪನಿಯಲ್ಲಿ ಏನು ಮಾಡುತ್ತಿದ್ದೀರಿ ಅಂತ. ಚೆನ್ನಾಗಿದ್ದೀನಿ ಸರ್, ಕೆಲಸದ ವಿಷಯ ಮುಂದಿನ ವರ್ಷ ಮಾತಾಡೋಣ ಅಂತ ಬರೆದು, ಆ ಮೆಸೇಜ್ ಅಳಿಸದೆ ಹಾಗೇ ಇಟ್ಟುಕೊಂಡೆ.