ಹಳ್ಳಿಗೊಂದು, ಪೇಟೆಗೊಂದು ಸಮೀಕ್ಷೆ: ಜಿಲ್ಲೆಯ ಸರಾಸರಿ ತೆಗೆಯುವುದು ಹೇಗೆ?

ಮಂಡ್ಯ ಜಿಲ್ಲೆಯಲ್ಲಿ ಒಬ್ಬರು ದಿನಕ್ಕೆ ಎಷ್ಟು ಹಾಲು ಬಳಸುತ್ತಾರೆ ಎಂದು ತಿಳಿಯಬೇಕಿದೆ ಎನ್ನೋಣ. ಹಳ್ಳಿಗಳಲ್ಲಿ 200 ಮನೆ, ಪೇಟೆಗಳಲ್ಲಿ 200 ಮನೆ ಸುತ್ತಿ ಲೆಕ್ಕ ತಂದಿದ್ದೀರಿ. ಹಳ್ಳಿಯ ಸರಾಸರಿ 180 ಮಿಲಿಲೀಟರ್, ಪೇಟೆಯದು 260. (ಈ ಲೇಖನದಲ್ಲಿ ಹಾಲಿನ ಅಂಕಿಗಳೆಲ್ಲ ಉದಾಹರಣೆಗಾಗಿ ಕಟ್ಟಿದವು, ಜನಸಂಖ್ಯೆಯ ಅಂಕಿಗಳು ಮಾತ್ರ 2011ರ ಜನಗಣತಿಯವು.) ಎರಡನ್ನೂ ಕೂಡಿ ಎರಡರಿಂದ ಭಾಗಿಸಿದರೆ 220 ಬರುತ್ತದೆ. ಆದರೆ ಅದು ಜಿಲ್ಲೆಯ ಸರಾಸರಿಯಲ್ಲ. ಜಿಲ್ಲೆಯ ಜನ ಅರ್ಧ ಹಳ್ಳಿಯಲ್ಲಿ, ಅರ್ಧ ಪೇಟೆಯಲ್ಲಿ ಇದ್ದಿದ್ದರೆ ಮಾತ್ರ ಆ ಲೆಕ್ಕ ನಡೆಯುತ್ತಿತ್ತು.

2011ರ ಜನಗಣತಿಯ ಪ್ರಕಾರ ಮಂಡ್ಯ ಜಿಲ್ಲೆಯ ಜನಸಂಖ್ಯೆ 18,05,769. ಅದರಲ್ಲಿ ಗ್ರಾಮೀಣ 14,97,407, ನಗರ 3,08,362. ಅಂದರೆ ನೂರಕ್ಕೆ 83 ಜನ ಹಳ್ಳಿಯವರು. ಹಾಗಾಗಿ ಪ್ರತಿ ಸರಾಸರಿಯನ್ನೂ ಅದರ ಹಿಂದಿರುವ ಜನರ ಸಂಖ್ಯೆಯಿಂದ ಗುಣಿಸಿ, ಎರಡನ್ನೂ ಕೂಡಿ, ಒಟ್ಟು ಜನಸಂಖ್ಯೆಯಿಂದ ಭಾಗಿಸಬೇಕು. ಎಕ್ಸೆಲ್‌ನಲ್ಲಿ ಮೊದಲ ಸಾಲಿಗೆ ತಲೆಬರಹ, ಎರಡನೇ ಸಾಲಿಗೆ ಹಳ್ಳಿ, ಮೂರನೆಯದಕ್ಕೆ ಪೇಟೆ ಇಡಿ. B ಕಾಲಂನಲ್ಲಿ ಜನಸಂಖ್ಯೆ, C ಕಾಲಂನಲ್ಲಿ ಸರಾಸರಿ ತುಂಬಿ ಇಷ್ಟು ಬರೆದರೆ ಸಾಕು:

```
=SUMPRODUCT(B2:B3,C2:C3)/SUM(B2:B3)
```

ಉತ್ತರ 193.7. ಮೊದಲಿನ 220ಕ್ಕೂ ಇದಕ್ಕೂ ಇರುವ 26 ಮಿಲಿಲೀಟರ್ ವ್ಯತ್ಯಾಸ ಚಿಕ್ಕದೆಂದು ಕಾಣಬಹುದು. ಜಿಲ್ಲೆಯ ಜನಸಂಖ್ಯೆಯಿಂದ ಗುಣಿಸಿ ನೋಡಿ: ಒಂದು ಲೆಕ್ಕದಲ್ಲಿ ಜಿಲ್ಲೆಗೆ ದಿನಕ್ಕೆ 3 ಲಕ್ಷ 97 ಸಾವಿರ ಲೀಟರ್ ಹಾಲು ಬೇಕು, ಇನ್ನೊಂದರಲ್ಲಿ 3 ಲಕ್ಷ 50 ಸಾವಿರ. ಇಲ್ಲದ 47 ಸಾವಿರ ಲೀಟರ್ ಬರೀ ಭಾಗಾಕಾರದಲ್ಲಿ ಹುಟ್ಟಿಕೊಂಡಿತು.

ಗುಣಾಕಾರ ಇಷ್ಟೇ. ಕಷ್ಟವಿರುವುದು ಆ 180 ಮತ್ತು 260ನ್ನು ನಂಬುವ ಹಾಗೆ ತರುವುದರಲ್ಲಿ.

ಹಳ್ಳಿಗಳನ್ನು ಆರಿಸುವುದು

ರಸ್ತೆ ಬದಿಯ, ಬಸ್ಸು ನಿಲ್ಲುವ ಹತ್ತು ಊರು ಹಿಡಿದುಕೊಂಡರೆ ಕೆಲಸ ಬೇಗ ಮುಗಿಯುತ್ತದೆ, ಲೆಕ್ಕ ಕೆಡುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರು ಕಾಣುವ ಮದ್ದೂರಿನ ಊರಿಗೂ ಮಳೆಯನ್ನೇ ನಂಬಿದ ನಾಗಮಂಗಲದ ಊರಿಗೂ ಹಸಿರು ಮೇವಿನಲ್ಲಿ, ದನಕರುಗಳಲ್ಲಿ, ಆದಾಯದಲ್ಲಿ ಹೋಲಿಕೆ ಕಡಿಮೆ. ಎರಡು ಬಗೆಯ ಊರಿಗೂ ಪಟ್ಟಿಯಲ್ಲಿ ಅವಕಾಶ ಇರಬೇಕು, ಅದೂ ಜನಸಂಖ್ಯೆಗೆ ತಕ್ಕಷ್ಟು.

ಜನಗಣತಿಯ ಗ್ರಾಮಗಳ ಪಟ್ಟಿಯನ್ನು ತಾಲ್ಲೂಕುವಾರು ಜೋಡಿಸಿಕೊಳ್ಳಿ. ಪ್ರತಿ ಗ್ರಾಮದ ಮುಂದೆ ಅಲ್ಲಿಯವರೆಗಿನ ಒಟ್ಟು ಜನಸಂಖ್ಯೆಯನ್ನು ಕೂಡುತ್ತಾ ಬರೆಯಿರಿ. ಮೊದಲ ಊರು 900, ಎರಡನೆಯದು 1,400 ಜನರದ್ದಾದರೆ ಅದರ ಮುಂದೆ 2,300 ಎಂದಿರಬೇಕು. ಪಟ್ಟಿಯ ಕೊನೆಯಲ್ಲಿ 14,97,407 ಬರುತ್ತದೆ. ಹಳ್ಳಿಗೆ ಇಪ್ಪತ್ತು ಮನೆಯಂತೆ 200 ಮನೆಗೆ ಹತ್ತು ಹಳ್ಳಿ ಬೇಕಾದ್ದರಿಂದ ಹತ್ತರಿಂದ ಭಾಗಿಸಿ: 1,49,740. ಇದು ನಿಮ್ಮ ಹೆಜ್ಜೆ. 1ರಿಂದ 1,49,740ರೊಳಗೆ ಒಂದು ಸಂಖ್ಯೆಯನ್ನು ಎಕ್ಸೆಲ್‌ನ `RANDBETWEEN` ಕೈಲಿ ಎತ್ತಿಸಿ. ಆ ಸಂಖ್ಯೆ ಯಾವ ಊರಿನ ಮೊತ್ತದೊಳಗೆ ಬೀಳುತ್ತದೋ ಅದು ಮೊದಲ ಹಳ್ಳಿ. ಅಲ್ಲಿಂದ 1,49,740 ಕೂಡುತ್ತಾ ಹೋದರೆ ಉಳಿದ ಒಂಬತ್ತೂ ಸಿಗುತ್ತವೆ. ದೊಡ್ಡ ಊರು ಸಿಗುವ ಸಾಧ್ಯತೆ ಅದರ ಗಾತ್ರದಷ್ಟೇ ಹೆಚ್ಚು. ಹೀಗಾಗಿ ಎಲ್ಲ ಹಳ್ಳಿಯಲ್ಲೂ ಇಪ್ಪತ್ತೇ ಮನೆ ನೋಡಿದರೂ ಹತ್ತು ಹಳ್ಳಿಗಳ ಸರಾಸರಿಯನ್ನು ನೇರವಾಗಿ ಕೂಡಿ ಹತ್ತರಿಂದ ಭಾಗಿಸಬಹುದು. ಚೀಟಿ ಎತ್ತಿ ಹಳ್ಳಿ ಆರಿಸಿದ್ದರೆ ಹಾಗೆ ಮಾಡುವಂತಿಲ್ಲ. ಆಗ 500 ಜನರ ಊರೂ 5,000 ಜನರ ಊರೂ ಒಂದೇ ತೂಕಕ್ಕೆ ಬಂದುಬಿಡುತ್ತವೆ.

ಪೇಟೆಯಲ್ಲೂ ಇದೇ ಕ್ರಮ, ಹಳ್ಳಿಯ ಬದಲು ವಾರ್ಡು. ಆದರೆ ಪಟ್ಟಿ ಮಂಡ್ಯ ನಗರಕ್ಕೇ ನಿಲ್ಲಬಾರದು. ಜಿಲ್ಲೆಯ ನಗರವಾಸಿಗಳಲ್ಲಿ ಮಂಡ್ಯ ನಗರದವರು ಅರ್ಧಕ್ಕಿಂತ ಕಡಿಮೆ. ಮಳವಳ್ಳಿ, ಮದ್ದೂರು, ಕೆ.ಆರ್.ಪೇಟೆ, ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ ಎಲ್ಲವೂ ಒಂದೇ ಪಟ್ಟಿಯಲ್ಲಿರಬೇಕು.

ಇಲ್ಲೊಂದು ಎಚ್ಚರ. ಯಾವುದು ಹಳ್ಳಿ, ಯಾವುದು ಪೇಟೆ ಎಂಬುದನ್ನು ಕಣ್ಣಂದಾಜಿನಲ್ಲಿ ತೀರ್ಮಾನಿಸಬೇಡಿ. ಪುರಸಭೆ, ನಗರಸಭೆ ಇರುವ ಊರುಗಳ ಜೊತೆಗೆ, ಪಂಚಾಯಿತಿ ಆಡಳಿತದಲ್ಲೇ ಇದ್ದರೂ 5,000 ಜನ, ಚದರ ಕಿಲೋಮೀಟರಿಗೆ 400 ಜನ, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಬೇಸಾಯೇತರ ಕಸುಬಿನವರು ಎಂಬ ಮೂರೂ ಷರತ್ತು ದಾಟಿದ ಊರುಗಳನ್ನು ಜನಗಣತಿ ನಗರದ ಲೆಕ್ಕಕ್ಕೆ ಹಾಕುತ್ತದೆ. ತೂಕಕ್ಕೆ ಜನಗಣತಿಯ ಸಂಖ್ಯೆ ಬಳಸಿದ ಮೇಲೆ ಊರುಗಳ ವಿಂಗಡಣೆಯೂ ಅದರದ್ದೇ ಆಗಬೇಕು. ಇಲ್ಲವಾದರೆ ಒಂದೇ ಊರಿನ ಜನ ಪೇಟೆಯ ತೂಕದಲ್ಲೂ, ಅವರ ಹಾಲು ಹಳ್ಳಿಯ ಸರಾಸರಿಯಲ್ಲೂ ಸೇರಿಕೊಳ್ಳುತ್ತದೆ.

ಮನೆಯೊಳಗೆ ಕೇಳುವುದು

ಹಳ್ಳಿಯ ಮನೆಯಲ್ಲಿ ‘ದಿನಕ್ಕೆ ಎಷ್ಟು ಹಾಲಮ್ಮಾ?’ ಎಂದು ಕೇಳಿದರೆ ‘ಎಂಟು ಲೀಟ್ರು’ ಎಂಬ ಉತ್ತರ ಬರಬಹುದು. ಅದು ಹಸು ಕೊಡುವ ಹಾಲು, ಮನೆಯವರು ಬಳಸುವುದಲ್ಲ. ಡೈರಿಗೆ ಹಾಕಿದ್ದೆಷ್ಟು, ಪಕ್ಕದ ಮನೆಗೆ ವರ್ತನೆ ಕೊಟ್ಟಿದ್ದೆಷ್ಟು ಎಂದು ಕೇಳಿ ಕಳೆಯಬೇಕು. ಉಳಿದುದರಲ್ಲಿ ಹೆಪ್ಪು ಹಾಕಿದ ಹಾಲೂ ಸೇರಿರಬೇಕು. ಪೇಟೆಯ ಮನೆಯಲ್ಲಿ ಪ್ಯಾಕೆಟ್ಟಿನ ಮೊಸರು ತರುತ್ತಾರೆ. ಅದನ್ನು ಲೆಕ್ಕಕ್ಕೆ ಹಿಡಿಯುತ್ತೀರೋ ಬಿಡುತ್ತೀರೋ ಮೊದಲೇ ನಿರ್ಧರಿಸಿ, ಎರಡೂ ಕಡೆ ಒಂದೇ ನಿಯಮ ಇಡಿ. ‘ಎರಡು ಲೋಟ ಉಳಿಸ್ಕೋತೀವಿ’ ಎಂದರೆ ಆ ಲೋಟವನ್ನೇ ತರಿಸಿ, ನೀರು ತುಂಬಿ, ಗೆರೆ ಇರುವ ಅಳತೆ ಜಾಡಿಗೆ ಸುರಿದು ನೋಡಿ. ಕಾಫಿ ಲೋಟಕ್ಕೂ ಮಜ್ಜಿಗೆ ಲೋಟಕ್ಕೂ ಒಂದಕ್ಕೆರಡರಷ್ಟು ವ್ಯತ್ಯಾಸವಿರುತ್ತದೆ.

ಮನೆಗಳಿಂದ ತಲಾ ಸರಾಸರಿಗೆ ಬರುವಾಗ ಬಹಳ ಜನ ಎಡವುತ್ತಾರೆ. ಇಬ್ಬರಿರುವ ಮನೆಯಲ್ಲಿ 600 ಮಿಲಿಲೀಟರ್, ಆರು ಜನರ ಮನೆಯಲ್ಲಿ 900 ಎನ್ನಿ. ಮನೆಮನೆಗೆ ಭಾಗಿಸಿದರೆ 300 ಮತ್ತು 150, ಅವುಗಳ ಸರಾಸರಿ 225. ಆದರೆ ನಿಜಕ್ಕೂ ಎಂಟು ಜನ 1,500 ಮಿಲಿಲೀಟರ್ ಬಳಸಿದ್ದಾರೆ, ತಲೆಗೆ 187.5. ಮನೆವಾರು ಸರಾಸರಿ ಚಿಕ್ಕ ಸಂಸಾರದ ಮಾತನ್ನು ದೊಡ್ಡದು ಮಾಡುತ್ತದೆ. ಆದ್ದರಿಂದ ಒಂದು ಹಳ್ಳಿಯ ಇಪ್ಪತ್ತು ಮನೆಗಳ ಒಟ್ಟು ಹಾಲನ್ನು ಆ ಮನೆಗಳ ಒಟ್ಟು ಜನರಿಂದ ಭಾಗಿಸಿ.

ಪೇಟೆಯಲ್ಲಿ ಬೀಗ ಹಾಕಿದ ಮನೆ ಸಿಕ್ಕರೆ ಪಕ್ಕದ ಮನೆಗೆ ಹೋಗಬೇಡಿ. ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವ ಮನೆಗಳೇ ಹಗಲು ಮುಚ್ಚಿರುತ್ತವೆ. ಅವನ್ನು ಬಿಡುತ್ತಾ ಹೋದರೆ ಪೇಟೆಯ ಸರಾಸರಿ ಒಂದೇ ಬಗೆಯ ಮನೆಗಳದ್ದಾಗುತ್ತದೆ. ಸಂಜೆ ಏಳರ ಮೇಲೆ, ಆಗದಿದ್ದರೆ ಭಾನುವಾರ ಮತ್ತೆ ಹೋಗಬೇಕು.

ಎಷ್ಟು ನಂಬಬಹುದು?

ಹತ್ತು ಹಳ್ಳಿಗಳ ತಲಾ ಸರಾಸರಿಗಳು ಹೀಗೆ ಬಂದವು ಎನ್ನೋಣ: 110, 125, 150, 160, 170, 185, 195, 215, 235, 255. ಇವುಗಳ ಸರಾಸರಿ 180. ಎಷ್ಟು ಹರಡಿಕೊಂಡಿವೆ ಎಂಬುದನ್ನು `STDEV.S` ಹೇಳುತ್ತದೆ: 46.5. ಇದನ್ನು 10ರ ವರ್ಗಮೂಲದಿಂದ ಭಾಗಿಸಿದರೆ 14.7, ಹಳ್ಳಿಯ ಸರಾಸರಿಯ ಪ್ರಮಾಣ ದೋಷ ಇದು, ಅಂದರೆ ಬೇರೆ ಹತ್ತು ಹಳ್ಳಿ ಸಿಕ್ಕಿದ್ದರೆ ಸರಾಸರಿ ಸುಮಾರು ಎಷ್ಟು ಅತ್ತಿತ್ತ ಆಗುತ್ತಿತ್ತು ಎಂಬುದರ ಅಳತೆ. ಇಲ್ಲಿ 200 ಮನೆ ಎಂದು 200ರ ವರ್ಗಮೂಲ ಹಾಕುವುದು ತಪ್ಪು. ಒಂದೇ ಊರಿನ ಇಪ್ಪತ್ತು ಮನೆಗಳು ಒಂದೇ ಡೈರಿ, ಒಂದೇ ಕೆರೆ, ಒಂದೇ ಬೆಳೆಯ ಮನೆಗಳು. ಅವು ಇಪ್ಪತ್ತು ಬೇರೆ ಬೇರೆ ಸಾಕ್ಷಿಗಳಲ್ಲ. ನಿಮ್ಮ ಕೈಲಿರುವ ನಿಜವಾದ ಸಾಕ್ಷಿಗಳು ಹತ್ತು.

ಪೇಟೆಯ ಹತ್ತು ವಾರ್ಡುಗಳ ಹರಡು 40 ಇದ್ದರೆ ಅಲ್ಲಿನ ದೋಷ 12.6. ಈಗ ಎರಡನ್ನೂ ಸೇರಿಸಬೇಕು. ಪ್ರತಿ ದೋಷವನ್ನೂ ಅದರ ಜನಪಾಲಿನಿಂದ ಗುಣಿಸಿ, ವರ್ಗ ಮಾಡಿ, ಕೂಡಿ, ವರ್ಗಮೂಲ ತೆಗೆಯಿರಿ:

```
=SQRT((0.829*14.7)^2+(0.171*12.6)^2)
```

ಬರುವುದು 12.4. ಹತ್ತೇ ಹಳ್ಳಿಗಳಿರುವುದರಿಂದ 95 ಪ್ರತಿಶತ ಭರವಸೆಗೆ ವಾಡಿಕೆಯ 1.96ರ ಬದಲು 2.26ರಿಂದ ಗುಣಿಸಿದರೆ 28. ಆದ್ದರಿಂದ ವರದಿಯಲ್ಲಿ ಬರೆಯಬೇಕಾದದ್ದು 194, ಹೆಚ್ಚು ಕಡಿಮೆ 28. ಅಂದರೆ 166ರಿಂದ 222.

ತೂಕವಿಲ್ಲದ 220 ಕೂಡ ಈ ವ್ಯಾಪ್ತಿಯೊಳಗೇ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಇದೆ. ಆದರೆ ಹಳ್ಳಿ ಹತ್ತರ ಬದಲು ನೂರಾದರೆ ವ್ಯಾಪ್ತಿ ಕಿರಿದಾಗುತ್ತದೆ, ತಪ್ಪು ಭಾಗಾಕಾರದ 26 ಮಿಲಿಲೀಟರ್ ಮಾತ್ರ ಕರಗುವುದಿಲ್ಲ. ಎಷ್ಟು ಮನೆ ಸುತ್ತಿದರೂ ಅದು ಅಲ್ಲೇ ಕೂತಿರುತ್ತದೆ.

ಮೇಲಿನ ಸೂತ್ರದ ಎರಡು ತುಂಡುಗಳನ್ನು ಬೇರೆಬೇರೆಯಾಗಿ ಬಿಡಿಸಿ ನೋಡಿ. ವರ್ಗದ ಮೊತ್ತದಲ್ಲಿ ಪೇಟೆಯ ಪಾಲು ನೂರಕ್ಕೆ ಮೂರು ಮಾತ್ರ. ಜಿಲ್ಲೆಯ ಸರಾಸರಿ ಗಟ್ಟಿಯಾಗಬೇಕಾದರೆ ಪೇಟೆಯಲ್ಲಿ ಇನ್ನಷ್ಟು ತಿರುಗಿ ಫಲವಿಲ್ಲ, ಹಳ್ಳಿಗೆ ಹೋಗಬೇಕು. ಅದೇ ಇಪ್ಪತ್ತು ಜಾಗಗಳನ್ನು 16 ಹಳ್ಳಿ, 4 ವಾರ್ಡು ಎಂದು ಹಂಚಿದರೆ, ಹರಡು ಹಾಗೇ ಇದ್ದಲ್ಲಿ, 2.26ರ ಬದಲು 16 ಹಳ್ಳಿಗೆ ತಕ್ಕ 2.13ರಿಂದ ಗುಣಿಸಿದಾಗ, 28 ಇದ್ದದ್ದು 22ಕ್ಕೆ ಇಳಿಯುತ್ತದೆ. ಖರ್ಚು ಹೆಚ್ಚುಕಡಿಮೆ ಅಷ್ಟೇ. ಆದರೆ ನಾಲ್ಕೇ ವಾರ್ಡಿನ ಮೇಲೆ ನಿಂತ ಪೇಟೆಯ ಸರಾಸರಿ ತೂಗಾಡುತ್ತದೆ. ಹಳ್ಳಿ ಮತ್ತು ಪೇಟೆಯನ್ನು ಹೋಲಿಸುವುದೇ ಉದ್ದೇಶವಾಗಿದ್ದರೆ ಹತ್ತು-ಹತ್ತೇ ಸರಿ.

ಇನ್ನು ಹಳೆಯ ಜನಗಣತಿಯ ಚಿಂತೆ. 2021ರ ಗಣತಿ ಆ ವರ್ಷ ನಡೆಯಲಿಲ್ಲ. ಪೇಟೆಯವರ ಪಾಲು 17ರಿಂದ 22ಕ್ಕೆ ಏರಿದೆ ಎಂದೇ ಇಟ್ಟುಕೊಳ್ಳಿ. ಆಗ ಸರಾಸರಿ 197.6 ಆಗುತ್ತದೆ, ಬರೀ 4 ಮಿಲಿಲೀಟರ್ ಹೆಚ್ಚು. ಎರಡು ಸರಾಸರಿಗಳ ನಡುವಿನ ಅಂತರವನ್ನು (ಇಲ್ಲಿ 80) ತೂಕದ ತಪ್ಪಿನಿಂದ (0.05) ಗುಣಿಸಿದರೆ ಕೆಡುವುದೆಷ್ಟೆಂದು ಕೂಡಲೇ ಸಿಗುತ್ತದೆ. 28ರ ಮುಂದೆ ಈ 4 ಸಣ್ಣದು. ಬೇರೆ ಜಿಲ್ಲೆಯ ತೂಕವನ್ನು ಎರವಲು ತಂದರೆ ಮಾತ್ರ ಮಾತು ಬೇರೆ: 2011ರಲ್ಲೇ ಮೈಸೂರು ಜಿಲ್ಲೆಯ ನೂರಕ್ಕೆ 41.5 ಜನ ನಗರದವರು. ಇದೇ 180, ಇದೇ 260 ಅಲ್ಲಿ 213 ಆಗುತ್ತವೆ.

ನಾಗಮಂಗಲ ತಾಲ್ಲೂಕಿನದು ಎಷ್ಟು ಎಂಬ ಪ್ರಶ್ನೆಗೆ ಈ ಸಮೀಕ್ಷೆಯಿಂದ ಉತ್ತರ ತೆಗೆಯಲು ಹೋಗಬೇಡಿ. ಹತ್ತರಲ್ಲಿ ಅಲ್ಲಿಗೆ ಬಿದ್ದಿರುವುದು ಒಂದೋ ಎರಡೋ ಹಳ್ಳಿ. ಅದು ಬೇಕಿದ್ದರೆ ಆ ತಾಲ್ಲೂಕಿನ ಹಳ್ಳಿಗಳದ್ದೇ ಬೇರೆ ಪಟ್ಟಿ ಮಾಡಿ, ಅಲ್ಲೇ ಎಂಟು ಹತ್ತು ಊರು ಆರಿಸಬೇಕು. ಆಗ ಜಿಲ್ಲೆಯ ಲೆಕ್ಕಕ್ಕೆ ನಾಗಮಂಗಲದ ಹಳ್ಳಿಗಳು, ಉಳಿದ ಹಳ್ಳಿಗಳು, ಪೇಟೆಗಳು ಎಂದು ಎರಡು ತೂಕದ ಬದಲು ಮೂರು ತೂಕ ಬರುತ್ತವೆ. ಹಾಳೆಯಲ್ಲಿ ಒಂದು ಸಾಲು ಹೆಚ್ಚುತ್ತದೆ, ಸೂತ್ರದಲ್ಲಿ B3 ಹೋಗಿ B4 ಆಗುತ್ತದೆ, C3 ಹೋಗಿ C4.