ರಸಾಯನಶಾಸ್ತ್ರದ ಪಾಠಕ್ಕೆ ‘ಅಪೊಲೊ 13’ರ ಹತ್ತು ನಿಮಿಷ

ಅಲೋಹಗಳ ಆಕ್ಸೈಡ್‌ಗಳು ಆಮ್ಲೀಯ ಗುಣವುಳ್ಳವು, ಅವು ಪ್ರತ್ಯಾಮ್ಲಗಳೊಡನೆ ವರ್ತಿಸಿ ಲವಣ ಮತ್ತು ನೀರನ್ನು ಕೊಡುತ್ತವೆ ಎಂಬ ವಾಕ್ಯವನ್ನು ಪ್ರೌಢಶಾಲೆಯ ಮಕ್ಕಳು ಬಹುಬೇಗ ಬಾಯಿಪಾಠ ಮಾಡುತ್ತಾರೆ. ಆದರೆ ಇಂಗಾಲದ ಡೈಆಕ್ಸೈಡನ್ನು ಗಾಳಿಯಿಂದ ಬೇರ್ಪಡಿಸಬೇಕಾದರೆ ಏನು ಮಾಡುವಿರಿ ಎಂದು ಕೇಳಿದಾಗ ಆ ವಾಕ್ಯ ಯಾರ ನೆನಪಿಗೂ ಬರುವುದಿಲ್ಲ. ಈ ಪಾಠಕ್ಕೆ ಒಂದು ಚಲನಚಿತ್ರದ ತುಣುಕನ್ನು ಹುಡುಕಲು ಹೊರಟಾಗ ನಾನು ಮೊದಲು ಮಾಡಿದ ಕೆಲಸವೆಂದರೆ, ಚಿತ್ರಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು, ತುಣುಕು ಮುಗಿದ ಕೂಡಲೇ ತರಗತಿಯಲ್ಲಿ ನಾನು ಕೇಳಬೇಕಾದ ಪ್ರಶ್ನೆಯನ್ನು ಬರೆದುಕೊಂಡದ್ದು: ‘ಮುಚ್ಚಿದ ಜಾಗದಲ್ಲಿರುವವರು ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಎಲ್ಲಿಗೆ ಹೋಗಬೇಕು, ಅದನ್ನು ಯಾವ ಪದಾರ್ಥ ಹಿಡಿದಿಡಬಲ್ಲದು, ಏಕೆ?’ ಈ ಪ್ರಶ್ನೆಯನ್ನು ಎಬ್ಬಿಸುವ, ಆದರೆ ಉತ್ತರವನ್ನು ತಾನೇ ಹೇಳಿಬಿಡದ ದೃಶ್ಯ ನನಗೆ ಬೇಕಾಗಿತ್ತು.

ಈ ಎರಡನೆಯ ಷರತ್ತೇ ನನ್ನ ಆಯ್ಕೆಯಲ್ಲಿ ಮುಖ್ಯವಾದದ್ದು. ಗಗನನೌಕೆಯ ಗಾಳಿಯನ್ನು ಶುದ್ಧೀಕರಿಸುವ ವಿಧಾನವನ್ನು ರೇಖಾಚಿತ್ರ, ಬಾಣದ ಗುರುತು, ನಿರೂಪಕರ ಧ್ವನಿ ಎಲ್ಲವನ್ನೂ ಬಳಸಿ ಅಚ್ಚುಕಟ್ಟಾಗಿ ವಿವರಿಸುವ ಸಾಕ್ಷ್ಯಚಿತ್ರಗಳನ್ನು ನಾನು ನೋಡಿದ್ದೇನೆ. ಅವುಗಳಲ್ಲಿ ತಪ್ಪೇನೂ ಇರಲಿಲ್ಲ, ಆದರೆ ಅವು ಮುಗಿದ ಮೇಲೆ ಮಕ್ಕಳಿಗೆ ಮಾಡಲು ಕೆಲಸವೇ ಉಳಿಯುತ್ತಿರಲಿಲ್ಲ. ಕಥಾಚಿತ್ರ ಸಂಕಟವನ್ನು ತೋರಿಸುತ್ತದೆ, ರಸಾಯನಶಾಸ್ತ್ರವನ್ನು ವಿವರಿಸುವ ವ್ಯವಧಾನ ಅದಕ್ಕಿರುವುದಿಲ್ಲ. ಅದು ಬಿಟ್ಟುಹೋದ ಆ ಜಾಗದಲ್ಲಿಯೇ ಪಾಠವನ್ನು ಕೂರಿಸಬಹುದು.

1995ರಲ್ಲಿ ಬಿಡುಗಡೆಯಾದ, ರಾನ್ ಹೊವಾರ್ಡ್ ನಿರ್ದೇಶನದ ‘ಅಪೊಲೊ 13’ ಸುಮಾರು 140 ನಿಮಿಷಗಳ ಚಿತ್ರ. 1970ರ ಏಪ್ರಿಲ್ 11ರಂದು ಹೊರಟ ಚಂದ್ರಯಾನದ ನೌಕೆಯಲ್ಲಿ ಎರಡು ದಿನಗಳ ನಂತರ ಆಮ್ಲಜನಕದ ತೊಟ್ಟಿಯೊಂದು ಸ್ಫೋಟಗೊಂಡು, ಮುಖ್ಯ ನೌಕೆಯ ವಿದ್ಯುತ್ ಕೈಕೊಟ್ಟು, ಜಿಮ್ ಲವೆಲ್, ಜ್ಯಾಕ್ ಸ್ವೈಗರ್ಟ್, ಫ್ರೆಡ್ ಹೇಸ್ ಎಂಬ ಮೂವರೂ ಚಂದ್ರನ ಮೇಲಿಳಿಯಲೆಂದು ಒಯ್ದಿದ್ದ ಚಿಕ್ಕ ಚಾಂದ್ರನೌಕೆಯಲ್ಲಿ ಆಶ್ರಯ ಪಡೆದು, ಏಪ್ರಿಲ್ 17ರಂದು ಸುರಕ್ಷಿತವಾಗಿ ಭೂಮಿಗೆ ಮರಳಿದ ಘಟನೆ ಅದರ ವಸ್ತು. ಆ ಚಿಕ್ಕ ನೌಕೆಯನ್ನು ಇಬ್ಬರಿಗೆ, ಸುಮಾರು ಎರಡು ದಿನಗಳ ಮಟ್ಟಿಗೆ ರೂಪಿಸಲಾಗಿತ್ತು, ಅದರಲ್ಲಿ ಮೂವರು ಸುಮಾರು ನಾಲ್ಕು ದಿನ ಬದುಕಬೇಕಾಯಿತು. ಗಾಳಿಯನ್ನು ಶುದ್ಧೀಕರಿಸುವ ಡಬ್ಬಿಗಳು ಸಾಲದಾದವು. ಮುಖ್ಯ ನೌಕೆಯಲ್ಲಿ ಬೇಕಾದಷ್ಟು ಡಬ್ಬಿಗಳಿದ್ದವು, ಆದರೆ ಅವು ಚೌಕಾಕಾರದವು, ಚಾಂದ್ರನೌಕೆಯ ಡಬ್ಬಿಗಳು ದುಂಡಗಿನವು. ಪ್ಲಾಸ್ಟಿಕ್ ಚೀಲ, ರಟ್ಟು, ಉಡುಪಿನ ಗಾಳಿಕೊಳವೆ, ಅಂಟುಪಟ್ಟಿ ಬಳಸಿ ಒಂದನ್ನು ಇನ್ನೊಂದಕ್ಕೆ ಜೋಡಿಸುವ ಉಪಾಯವನ್ನು ಭೂಮಿಯಲ್ಲಿದ್ದ ತಂತ್ರಜ್ಞರು ಕಂಡುಹಿಡಿದು ರೇಡಿಯೊ ಮೂಲಕ ಹೇಳಿಕೊಟ್ಟರು. ಚಿತ್ರದಲ್ಲಿ ಈ ಪ್ರಸಂಗ ಬಿಡಿಬಿಡಿಯಾಗಿ ಬರುತ್ತದೆ, ಒಟ್ಟುಗೂಡಿಸಿದರೂ ಹತ್ತು ನಿಮಿಷಗಳನ್ನು ಮೀರುವುದಿಲ್ಲ. ಡಬ್ಬಿಯೊಳಗಿನ ಪದಾರ್ಥ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಚಿತ್ರ ವಿವರಿಸುವುದಿಲ್ಲ. ನನಗೆ ಬೇಕಾದದ್ದು ಅದೇ ಆಗಿತ್ತು.

ತುಣುಕನ್ನು ಎಲ್ಲಿ ಆರಂಭಿಸಬೇಕು ಎಂಬುದು ಮೊದಲ ನೋಟಕ್ಕೆ ಕಾಣುವಷ್ಟು ಸರಳವಲ್ಲ. ಸ್ಫೋಟದ ದೃಶ್ಯ ರೋಚಕವಾದದ್ದು, ಅಲ್ಲಿಂದಲೇ ತೋರಿಸೋಣವೆಂದು ಯಾರಿಗಾದರೂ ಅನಿಸುತ್ತದೆ. ಆದರೆ ಆಮ್ಲಜನಕ ಹೊರಗೆ ಸೋರಿಹೋಗುವುದನ್ನು ಮಕ್ಕಳು ಕಣ್ಣಾರೆ ನೋಡಿಬಿಟ್ಟರೆ, ಮುಂದೆ ಡಬ್ಬಿಗಳ ಮಾತು ಬಂದಾಗಲೂ ‘ಅವರಿಗೆ ಆಮ್ಲಜನಕ ಸಾಲದೆ ಬಂತು’ ಎಂದೇ ತಿಳಿಯುತ್ತಾರೆ. ವಾಸ್ತವದಲ್ಲಿ ಚಾಂದ್ರನೌಕೆಯಲ್ಲಿ ಆಮ್ಲಜನಕ ಸಾಕಷ್ಟಿತ್ತು, ಪ್ರಾಣಕ್ಕೆ ಕುತ್ತು ತಂದದ್ದು ಅವರೇ ಹೊರಬಿಟ್ಟ ಉಸಿರು. ಆದ್ದರಿಂದ ಸ್ಫೋಟವನ್ನು ನಾನು ತೋರಿಸುವುದಿಲ್ಲ, ಅದನ್ನು ಎರಡು ವಾಕ್ಯಗಳಲ್ಲಿ ಬಾಯಿಮಾತಿನಲ್ಲೇ ಹೇಳಿ, ಇಂಗಾಲದ ಡೈಆಕ್ಸೈಡಿನ ಮಟ್ಟ ಏರುತ್ತಿರುವುದು ಗಮನಕ್ಕೆ ಬರುವ ದೃಶ್ಯದಿಂದ ಆರಂಭಿಸುತ್ತೇನೆ. ತುಣುಕು ಮುಗಿದೊಡನೆ, ಯಾವ ಚರ್ಚೆಗೂ ಮೊದಲು, ‘ಅವರ ಪ್ರಾಣಕ್ಕೆ ಅಪಾಯ ಒದಗಿದ್ದು ಯಾವುದರಿಂದ?’ ಎಂಬುದಕ್ಕೆ ಒಂದೇ ವಾಕ್ಯದ ಉತ್ತರವನ್ನು ಬರೆಸುತ್ತೇನೆ. ಹೆಚ್ಚಿನವರು ಆಮ್ಲಜನಕದ ಕೊರತೆಯೆಂದು ಬರೆದಿದ್ದರೆ ತುಣುಕು ತನ್ನ ಕೆಲಸ ಮಾಡಿಲ್ಲವೆಂದೇ ಅರ್ಥ. ಆಗ ಪಾಠವನ್ನು ಮುಂದೊತ್ತದೆ, ಒಳಗೆಳೆದ ಮತ್ತು ಹೊರಬಿಟ್ಟ ಗಾಳಿಯ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ. ಆಮ್ಲಜನಕ ಸುಮಾರು 21 ಶೇಕಡದಿಂದ 16ಕ್ಕೆ ಇಳಿಯುತ್ತದೆ, ಇಂಗಾಲದ ಡೈಆಕ್ಸೈಡ್ 0.04 ಶೇಕಡದಿಂದ ಸುಮಾರು 4ಕ್ಕೆ ಏರುತ್ತದೆ. ಒಂದು ಕಾಲುಭಾಗದಷ್ಟು ಕಡಿಮೆಯಾಗಿದೆ, ಇನ್ನೊಂದು ನೂರು ಪಟ್ಟು ಹೆಚ್ಚಾಗಿದೆ. ಮುಚ್ಚಿದ ಕೋಣೆಯಲ್ಲಿ ಯಾವುದು ಮೊದಲು ಕಾಡುತ್ತದೆಂದು ಆಮೇಲೆ ಹೇಳಿಕೊಡಬೇಕಾಗುವುದಿಲ್ಲ.

ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೂ ಇಷ್ಟೇ ಯೋಚನೆ ಬೇಕಾಯಿತು. ನೌಕೆಯಲ್ಲಿ ಸಿಗುವ ವಸ್ತುಗಳನ್ನೆಲ್ಲ ಮೇಜಿನ ಮೇಲೆ ಸುರಿದು, ಇವುಗಳಿಂದಲೇ ಚೌಕ ಡಬ್ಬಿಯನ್ನು ದುಂಡು ಕಿಂಡಿಗೆ ಹೊಂದಿಸಬೇಕೆಂದು ತಂತ್ರಜ್ಞರಿಗೆ ಹೇಳುವ ದೃಶ್ಯ ಈ ಚಿತ್ರದಲ್ಲಿ ಬಹಳ ಹೆಸರಾದದ್ದು. ಅಲ್ಲಿಯೇ ನಿಲ್ಲಿಸಿ, ಅಂಥದೇ ವಸ್ತುಗಳನ್ನು ಕೊಟ್ಟು, ಮಕ್ಕಳಿಂದಲೇ ಜೋಡಿಸಿ ನೋಡಿಸುವ ಶಿಕ್ಷಕರಿದ್ದಾರೆ. ಅದು ಒಳ್ಳೆಯ ಚಟುವಟಿಕೆಯೇ. ಆದರೆ ಅದು ಯಂತ್ರವಿನ್ಯಾಸದ ಪಾಠ, ಆಮ್ಲ–ಪ್ರತ್ಯಾಮ್ಲಗಳ ಪಾಠವಲ್ಲ, ಮತ್ತು 45 ನಿಮಿಷಗಳ ಅವಧಿಯನ್ನು ಅದೊಂದೇ ನುಂಗಿಹಾಕುತ್ತದೆ. ನಾನು ಜೋಡಣೆ ಮುಗಿದು ಅಳತೆಯ ಮುಳ್ಳು ಇಳಿಯತೊಡಗುವವರೆಗೆ ತೋರಿಸಿ ಅಲ್ಲಿ ನಿಲ್ಲಿಸುತ್ತೇನೆ. ಮಟ್ಟ ಇಳಿಯಿತು, ಅಂದರೆ ಅನಿಲ ಎಲ್ಲೋ ಹೋಯಿತು. ಎಲ್ಲಿಗೆ? ನೌಕೆಯಿಂದ ಹೊರಗಂತೂ ಹೋಗಿಲ್ಲ.

ಇದಾದ ಮೇಲೆ ಪರದೆಯನ್ನು ಆರಿಸಿ, ಪ್ರನಾಳದಲ್ಲಿ ಸುಣ್ಣದ ತಿಳಿನೀರು ತೆಗೆದುಕೊಂಡು ಕೊಳವೆಯ ಮೂಲಕ ಉಸಿರನ್ನು ಮೆಲ್ಲಗೆ ಊದಿಸುತ್ತೇನೆ. ದ್ರಾವಣ ಒಳಸೇರದಂತೆ ಊದಲಷ್ಟೇ ಬೇಕು, ಎಳೆದುಕೊಳ್ಳಬಾರದು ಎಂಬ ಎಚ್ಚರಿಕೆಯನ್ನು ಮೊದಲೇ ಹೇಳಿ, ಕಣ್ಣಿಗೆ ಕನ್ನಡಕ ಹಾಕಿಸಬೇಕು. ತಿಳಿನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಈ ಪ್ರಯೋಗವನ್ನು ಅನಿಲವನ್ನು ಗುರುತಿಸುವ ಪರೀಕ್ಷೆಯೆಂದು ಮಕ್ಕಳು ಹಿಂದಿನ ತರಗತಿಗಳಲ್ಲಿಯೇ ಮಾಡಿರುತ್ತಾರೆ. ಚಿತ್ರ ನೋಡಿದ ಮೇಲೆ ಅದನ್ನೇ ಅನಿಲವನ್ನು ಹಿಡಿದಿಡುವ ವಿಧಾನವೆಂದು ನೋಡಲು ಸಾಧ್ಯವಾಗುತ್ತದೆ: ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂಬ ಪ್ರತ್ಯಾಮ್ಲ ಆ ಅನಿಲದೊಡನೆ ವರ್ತಿಸಿ, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಉಳಿಯಿತು. ನೌಕೆಯ ಡಬ್ಬಿಗಳಲ್ಲಿದ್ದದ್ದು ಲಿಥಿಯಂ ಹೈಡ್ರಾಕ್ಸೈಡ್. ಸಮೀಕರಣವನ್ನು ನಾನು ಬರೆಯದೆ ಅವರಿಂದಲೇ ಬರೆಸುತ್ತೇನೆ:

2LiOH + CO2 → Li2CO3 + H2O

ಆಗ ಸಹಜವಾಗಿ ಮೇಲೆದ್ದು ಬರುವ ಪ್ರಶ್ನೆ, ಅಗ್ಗದ ಸುಣ್ಣವನ್ನು ಬಿಟ್ಟು ಲಿಥಿಯಂ ಏಕೆ ಎಂಬುದು. ಇದಕ್ಕೆ ಉತ್ತರವನ್ನು ಲೆಕ್ಕದಿಂದಲೇ ಪಡೆಯಬಹುದು. ಒಬ್ಬ ಮನುಷ್ಯ ದಿನಕ್ಕೆ ಸುಮಾರು 1 ಕಿಲೊಗ್ರಾಂ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಾನೆಂದು ಇಟ್ಟುಕೊಳ್ಳೋಣ. 44 ಗ್ರಾಂ ಅನಿಲವನ್ನು ಹಿಡಿಯಲು 48 ಗ್ರಾಂ ಲಿಥಿಯಂ ಹೈಡ್ರಾಕ್ಸೈಡ್ ಬೇಕು, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆದರೆ 74 ಗ್ರಾಂ, ಸೋಡಿಯಂ ಹೈಡ್ರಾಕ್ಸೈಡ್ ಆದರೆ 80 ಗ್ರಾಂ ಬೇಕು. ಮೂವರಿಗೆ ಒಂದು ದಿನಕ್ಕೆ ಲಿಥಿಯಂನದು ಸುಮಾರು 3.3 ಕಿಲೊಗ್ರಾಂ, ಕ್ಯಾಲ್ಸಿಯಂನದು 5 ಕಿಲೊಗ್ರಾಂ, ಸೋಡಿಯಂನದು 5.5 ಕಿಲೊಗ್ರಾಂ. ಇದು ಪದಾರ್ಥವೆಲ್ಲ ಪೂರ್ತಿಯಾಗಿ ವರ್ತಿಸಿದರೆ ಬರುವ ಕನಿಷ್ಠ ಲೆಕ್ಕ, ನಿಜವಾದ ಡಬ್ಬಿಯಲ್ಲಿ ಒಂದಿಷ್ಟು ಭಾಗ ವರ್ತಿಸದೆ ಉಳಿದೇ ಉಳಿಯುತ್ತದೆ ಎಂಬುದನ್ನೂ ಹೇಳಬೇಕು. ಹೊರುವ ತೂಕದ ಪ್ರತಿ ಗ್ರಾಮಿಗೂ ಇಂಧನ ಸುಡಬೇಕಾದ ಯಾನದಲ್ಲಿ ಈ ವ್ಯತ್ಯಾಸವೇ ನಿರ್ಣಾಯಕ. ರಾಸಾಯನಿಕ ಲೆಕ್ಕಾಚಾರ ಇನ್ನೂ ಕಲಿಯದ ತರಗತಿಗೆ ಈ ತುಣುಕನ್ನು ನಾನು ಬಳಸುವುದಿಲ್ಲ, ಏಕೆಂದರೆ ಈ ಹಂತವನ್ನು ಕೈಬಿಟ್ಟರೆ ಉಳಿಯುವುದು ಅಂಟುಪಟ್ಟಿಯ ಕಥೆ ಮಾತ್ರ.

ಭಾಷೆಯ ವಿಷಯದಲ್ಲಿ ಒಂದು ಮಾತು. ಈ ಪ್ರಸಂಗದಲ್ಲಿ ಹಲವರು ಒಟ್ಟಿಗೆ, ವೇಗವಾಗಿ, ಸಂಕ್ಷೇಪಗಳಲ್ಲಿ ಮಾತನಾಡುತ್ತಾರೆ, ಅಡಿಬರಹವನ್ನು ಓದಲು ಹೋದವರು ಮುಳ್ಳಿನ ಮೇಲಿನ ಅಂಕಿಯನ್ನು ನೋಡದೆ ಹೋಗುತ್ತಾರೆ. ಹಾಗಾಗಿ ತುಣುಕಿನ ಸಾರವನ್ನು ಮೊದಲೇ ನಾಲ್ಕೈದು ವಾಕ್ಯಗಳಲ್ಲಿ ಹೇಳಿಬಿಡುತ್ತೇನೆ. ಕುತೂಹಲ ಅದರಿಂದ ಸ್ವಲ್ಪ ತಗ್ಗಬಹುದು, ಅದು ನನಗೆ ಒಪ್ಪಿಗೆಯೇ.

ಇದೇ ಚಿತ್ರವನ್ನು ಇತಿಹಾಸದ ಪಾಠಕ್ಕೆ ಆರಿಸುವಾಗ ಅಳತೆಗೋಲು ಬೇರೆಯೇ ಆಗುತ್ತದೆ. ವಿಜ್ಞಾನಕ್ಕೆ ನನಗೆ ಅಡ್ಡಿಯಾಗದ ಕೆಲವು ಸಂಗತಿಗಳು ಅಲ್ಲಿ ಅಡ್ಡಿಯಾಗುತ್ತವೆ. ನೌಕೆಯೊಳಗೆ ಸ್ವೈಗರ್ಟ್ ಮತ್ತು ಹೇಸ್ ನಡುವೆ ಚಿತ್ರ ತೋರಿಸುವ ಜಗಳ ಕಥೆಗಾಗಿ ಸೇರಿಸಿದ್ದು. ತೊಂದರೆಯನ್ನು ಭೂಮಿಗೆ ತಿಳಿಸುವ ಪ್ರಸಿದ್ಧ ಮಾತನ್ನು ಮೊದಲು ಆಡಿದವರು ಸ್ವೈಗರ್ಟ್, ಲವೆಲ್ ಅದನ್ನು ಪುನರುಚ್ಚರಿಸಿದರು. ಚಿತ್ರದಲ್ಲಿ ಅದು ಲವೆಲ್ ಪಾತ್ರದ ಬಾಯಲ್ಲಿ, ಸ್ವಲ್ಪ ಬದಲಾದ ರೂಪದಲ್ಲಿ ಬರುತ್ತದೆ. ಅನೇಕ ತಂತ್ರಜ್ಞರು ಹಂಚಿಕೊಂಡು ಮಾಡಿದ ಕೆಲಸವನ್ನು ಚಿತ್ರ ಬೆರಳೆಣಿಕೆಯ ಪಾತ್ರಗಳಿಗೆ ಒಪ್ಪಿಸುತ್ತದೆ, ಡಬ್ಬಿಯ ಜೋಡಣೆಯ ಕೆಲಸವನ್ನು ಮುನ್ನಡೆಸಿದ ಎಡ್ ಸ್ಮೈಲಿಯವರ ಹೆಸರು ಚಿತ್ರ ನೋಡಿದವರಿಗೆ ಗೊತ್ತೇ ಆಗುವುದಿಲ್ಲ. ಆ ಯಾನದ ರೇಡಿಯೊ ಸಂಭಾಷಣೆಯ ಲಿಖಿತ ರೂಪವನ್ನು ನಾಸಾ ಸಾರ್ವಜನಿಕರಿಗೆ ತೆರೆದಿಟ್ಟಿದೆ. ಇತಿಹಾಸ ಬೋಧಿಸುವ ನನ್ನ ಸಹೋದ್ಯೋಗಿಗೆ ನಾನು ಸೂಚಿಸಿದ್ದು ಸ್ಫೋಟದ ನಂತರದ ಒಂದೆರಡು ನಿಮಿಷಗಳ ದೃಶ್ಯವನ್ನು ಮತ್ತು ಅದೇ ಹೊತ್ತಿನ ಸಂಭಾಷಣೆಯ ಒಂದು ಪುಟವನ್ನು. ಎರಡನ್ನೂ ಅಕ್ಕಪಕ್ಕ ಇಟ್ಟು, ಏನು ಬದಲಾಗಿದೆ, ಯಾರಿಗೆ ಅನುಕೂಲವಾಗುವಂತೆ ಬದಲಾಗಿದೆ ಎಂದು ಮಕ್ಕಳು ಗುರುತಿಸಬಹುದು. ನಾನು ನನ್ನ ತುಣುಕಿನಿಂದ ಕತ್ತರಿಸಿಹಾಕಿದ ಭಾಗವೇ ಅವರಿಗೆ ಬೇಕಾದ ಭಾಗ.

ರಸಾಯನಶಾಸ್ತ್ರದ ಅವಧಿಯಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ಒಂದೇ ಯಾನದ ಎರಡು ನೌಕೆಗಳಿಗೆ ಎರಡು ಆಕಾರದ ಡಬ್ಬಿಗಳನ್ನು ಏಕೆ ಮಾಡಿದರು? ಮುಖ್ಯ ನೌಕೆಯನ್ನು ನಾರ್ತ್ ಅಮೆರಿಕನ್ ರಾಕ್‌ವೆಲ್ ಸಂಸ್ಥೆಯೂ ಚಾಂದ್ರನೌಕೆಯನ್ನು ಗ್ರಮ್ಮನ್ ಸಂಸ್ಥೆಯೂ ಕಟ್ಟಿದವು ಎಂಬಷ್ಟನ್ನು ಮಾತ್ರ ತಿಳಿಸಿ, ಗುತ್ತಿಗೆ ಹಂಚಿಕೆಯ ಆ ಚರ್ಚೆಯನ್ನು ಇತಿಹಾಸದ ತರಗತಿಗೆ ವರ್ಗಾಯಿಸುತ್ತೇನೆ.