ಸುಲಭ ಪದಕ್ಕೆ ಕಠಿಣ ಅರ್ಥ: ಕನ್ನಡ–ಕನ್ನಡ ನಿಘಂಟನ್ನು ಓದುವ ಬಗೆ

ಗೊತ್ತಿಲ್ಲದ ಒಂದು ಪದಕ್ಕಾಗಿ ಕನ್ನಡ–ಕನ್ನಡ ನಿಘಂಟು ತೆರೆದವರಿಗೆ, ಅರ್ಥವಿರಬೇಕಾದ ಜಾಗದಲ್ಲಿ ಗೊತ್ತಿಲ್ಲದ ಇನ್ನೂ ಮೂರು ಪದಗಳು ಎದುರಾಗುವುದು ಅಪರೂಪವೇನಲ್ಲ. ಇದಕ್ಕೆ ಕಾರಣವಿದೆ. ಮಾತಿನಲ್ಲಿ ದಿನವೂ ಬಳಸುವ ಅಚ್ಚಗನ್ನಡ ಪದವನ್ನು ಅದಕ್ಕಿಂತ ಸುಲಭವಾದ ಇನ್ನೊಂದು ಪದದಿಂದ ವಿವರಿಸುವುದು ಕಷ್ಟ, ಏಕೆಂದರೆ ಅದಕ್ಕಿಂತ ಸುಲಭವಾದದ್ದು ಹಲವು ಸಲ ಇರುವುದೇ ಇಲ್ಲ. ಆಗ ನಿಘಂಟುಕಾರರು ಸಂಸ್ಕೃತದಿಂದ ಬಂದ ಸಮಾನಾರ್ಥಕವನ್ನು ಹಿಡಿಯುತ್ತಾರೆ. ಆ ಪದ ಓದುಗರಿಗೆ ಕಠಿಣವಾದರೂ ಅದರ ಅರ್ಥದ ಗಡಿ ಸ್ಪಷ್ಟವಾಗಿರುತ್ತದೆ ಎಂಬುದು ಅವರ ಎಣಿಕೆ. ಒಂದು ಪದಕ್ಕೆ ಅದರ ಪರ್ಯಾಯಗಳನ್ನು ಸಾಲಾಗಿ ಕೊಡುವ ಹಳೆಯ ಕೋಶಗಳ ಪದ್ಧತಿಯೂ ಇದರ ಹಿಂದೆ ಇದೆ. ಆದ್ದರಿಂದ ಇಂತಹ ನಮೂದನ್ನು ಓದುವುದಕ್ಕೆ ಒಂದು ಕ್ರಮ ಬೇಕಾಗುತ್ತದೆ. ಆ ಕ್ರಮವನ್ನು ‘ಕಸಿವಿಸಿ’ ಎಂಬ ಒಂದೇ ಪದವನ್ನು ಹಿಡಿದು ಇಲ್ಲಿ ನೋಡೋಣ.

ಓದುತ್ತಿರುವ ಕಥೆಯಲ್ಲಿ ಈ ವಾಕ್ಯ ಬಂದಿದೆ ಎಂದುಕೊಳ್ಳಿ: ‘ಅಷ್ಟು ಜನರ ಮುಂದೆ ತನ್ನ ಹೊಗಳಿಕೆ ಕೇಳಿ ಅವಳಿಗೆ ಕಸಿವಿಸಿಯಾಯಿತು.’ ನಿಘಂಟಿನಲ್ಲಿ ಸಿಕ್ಕ ನಮೂದು ಹೀಗಿದೆ ಎಂದುಕೊಳ್ಳಿ: ‘ಕಸಿವಿಸಿ (ನಾ) 1 ಚಿತ್ತಕ್ಷೋಭೆ, ವ್ಯಾಕುಲತೆ, ತಳಮಳ. 2 ಮುಜುಗರ, ಇರುಸುಮುರುಸು.’ ಈ ನಮೂದನ್ನು ಉದಾಹರಣೆಗಾಗಿ ನಾನೇ ಬರೆದಿದ್ದೇನೆ. ಆದರೆ ನಿಮ್ಮ ಬಳಿಯಿರುವ ನಿಘಂಟಿನಲ್ಲಿಯೂ ಇದೇ ಧಾಟಿಯ ನಮೂದುಗಳು ಪುಟಪುಟದಲ್ಲೂ ಕಾಣುತ್ತವೆ.

ಮೊದಲ ಹೆಜ್ಜೆ: ವಾಕ್ಯವನ್ನು ಬರೆದಿಟ್ಟುಕೊಳ್ಳಿ

ನಿಘಂಟು ತೆರೆಯುವ ಮೊದಲು, ಪದ ಬಂದ ವಾಕ್ಯವನ್ನು ಪೂರ್ತಿಯಾಗಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕೊನೆಯಲ್ಲಿ ಸಿಕ್ಕ ಅರ್ಥವನ್ನು ಪರೀಕ್ಷಿಸಲು ಇರುವ ಅಳತೆಗೋಲು ಅದೊಂದೇ. ಆಮೇಲೆ ಪದಕ್ಕೆ ಅಂಟಿಕೊಂಡ ಭಾಗಗಳನ್ನು ಬಿಡಿಸಿ: ‘ಕಸಿವಿಸಿಯಾಯಿತು’ ಎಂಬಲ್ಲಿ ‘ಕಸಿವಿಸಿ’, ‘ಆಯಿತು’ ಎಂಬ ಎರಡು ಪದಗಳಿದ್ದು, ನಡುವೆ ಬಂದಿರುವ ಯಕಾರ ಸಂಧಿಯಿಂದ ಆದದ್ದು. ನಿಘಂಟಿನಲ್ಲಿ ಸಿಗುವುದು ‘ಕಸಿವಿಸಿ’ ಮಾತ್ರ.

ಎರಡನೆಯ ಹೆಜ್ಜೆ: ನಮೂದನ್ನು ಕೊನೆಯವರೆಗೆ ಓದಿ

ಬಹಳಷ್ಟು ಓದುಗರು ತಪ್ಪುವುದು ಇಲ್ಲಿಯೇ. ‘ಚಿತ್ತಕ್ಷೋಭೆ’ ಎಂಬ ಮೊದಲ ಪದ ಕಂಡೊಡನೆ ಅದರ ಅರ್ಥ ಹುಡುಕಲು ಪುಟ ತಿರುವುತ್ತಾರೆ. ಅದೇ ನಮೂದಿನ ಎರಡನೆಯ ಅಂಕೆಯ ಎದುರು ‘ಮುಜುಗರ’ ಎಂಬ ಗೊತ್ತಿರುವ ಪದ ಕಾದು ಕುಳಿತಿರುತ್ತದೆ. ನಾನು ವಿದ್ಯಾರ್ಥಿಯಾಗಿದ್ದಾಗ ಹೀಗೆಯೇ ಒಂದು ಪದದಿಂದ ಹೊರಟು, ಏಳೆಂಟು ಪುಟ ತಿರುವಿ, ಯಾವ ಪದಕ್ಕಾಗಿ ಹೊರಟೆ ಎಂಬುದನ್ನೇ ಮರೆತು ಎಷ್ಟೋ ಸಂಜೆಗಳನ್ನು ಕಳೆದಿದ್ದೇನೆ. ಆ ಶ್ರಮದ ಬಹುಪಾಲನ್ನು ನಮೂದಿನ ಕೊನೆಯ ಸಾಲು ತಪ್ಪಿಸಬಹುದಿತ್ತು.

ಓದುವಾಗ ಗುರುತುಗಳನ್ನೂ ಗಮನಿಸಿ. ಅಂಕೆಗಳು ಬೇರೆ ಬೇರೆ ಅರ್ಥಗಳನ್ನು ಬೇರ್ಪಡಿಸುತ್ತವೆ, ಒಂದೇ ಅಂಕೆಯ ಕೆಳಗಿನ ಪದಗಳು ಒಂದೇ ಅರ್ಥದ ಸುತ್ತ ಇರುತ್ತವೆ. ಎಂದರೆ ‘ಚಿತ್ತಕ್ಷೋಭೆ’ ಗೊತ್ತಿಲ್ಲದಿದ್ದರೂ, ಅದೇ ಸಾಲಿನ ‘ತಳಮಳ’ ಗೊತ್ತಿದ್ದರೆ ಅದು ಯಾವ ದಿಕ್ಕಿನ ಪದ ಎಂಬುದು ಆಗಲೇ ತಿಳಿದಂತಾಯಿತು. ‘ನಾ’ ಎಂಬುದು ನಾಮಪದದ ಗುರುತು. ಅದೇ ಪದಕ್ಕೆ ‘ಕ್ರಿ’ ಎಂಬ ಕ್ರಿಯಾಪದದ ನಮೂದೂ ಇದ್ದರೆ ಅದನ್ನು ಬೇರೆಯಾಗಿ ಓದಬೇಕು. ಇಂತಹ ಸಂಕೇತಾಕ್ಷರಗಳ ಪಟ್ಟಿ ನಿಘಂಟಿನ ಮೊದಲ ಪುಟಗಳಲ್ಲಿ ಇರುತ್ತದೆ. ಒಮ್ಮೆ ಅದನ್ನು ನೋಡಿಟ್ಟುಕೊಳ್ಳುವುದು ಒಳ್ಳೆಯದು.

ಪ್ರಯೋಗಗಳಿದ್ದರೆ ಅವನ್ನು ಬಿಡಬೇಡಿ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ದೊಡ್ಡ ನಿಘಂಟಿನಲ್ಲಿ ಅರ್ಥದ ಜೊತೆಗೆ ಕಾವ್ಯ, ಶಾಸನಗಳಿಂದ ಆಯ್ದ ಪ್ರಯೋಗಗಳೂ ಇವೆ. ಅವುಗಳಲ್ಲಿ ಅನೇಕವು ಹಳಗನ್ನಡದವಾದ್ದರಿಂದ ಮೊದಲ ನೋಟಕ್ಕೆ ಅರ್ಥಕ್ಕಿಂತಲೂ ಕಠಿಣವಾಗಿ ಕಾಣುವುದುಂಟು. ಹಾಗಿದ್ದಾಗ ತೀರ ಈಚಿನ ಪ್ರಯೋಗವನ್ನು ಮಾತ್ರ ಓದಿದರೆ ಸಾಕು.

ಮೂರನೆಯ ಹೆಜ್ಜೆ: ಬೆನ್ನು ಹತ್ತಬೇಕಾದ ಪದವನ್ನು ಆರಿಸಿ

ಗೊತ್ತಿರುವ ಪದ ಯಾವುದೂ ಸಿಗಲಿಲ್ಲ ಎಂದಾಗ ಮಾತ್ರ ಮುಂದಿನ ಪುಟಕ್ಕೆ ಹೋಗಬೇಕು. ಆಗಲೂ ಎಲ್ಲ ಪದಗಳನ್ನೂ ಹುಡುಕಬೇಕಾಗಿಲ್ಲ, ಒಂದನ್ನು ಆರಿಸಿದರೆ ಸಾಕು.

‘ಚಿತ್ತಕ್ಷೋಭೆ’ ಸಮಾಸಪದ. ಇಂತಹ ತತ್ಪುರುಷ ಸಮಾಸದಲ್ಲಿ ಅರ್ಥದ ಭಾರವೆಲ್ಲ ಕೊನೆಯ ಪದದ ಮೇಲಿರುತ್ತದೆ, ಮೊದಲಿನದು ಅದು ಯಾವುದರದು ಎಂದು ಹೇಳುತ್ತದೆ ಅಷ್ಟೆ. ಆದ್ದರಿಂದ ‘ಚಿತ್ತಕ್ಷೋಭೆ’ ಎಂದೇ ಹುಡುಕಿ, ಅದು ಸಿಗದಿದ್ದಾಗ ಕೈಚೆಲ್ಲುವ ಬದಲು ‘ಕ್ಷೋಭೆ’ಯನ್ನು ಹುಡುಕಿ. ‘ಕ್ಷ’ವನ್ನು ವರ್ಣಮಾಲೆಯ ಕೊನೆಯಲ್ಲಿ ಹೇಳಿ ಕಲಿತವರು ಅದನ್ನು ‘ಳ’ಕಾರದ ನಂತರ ಹುಡುಕಿ ಸೋಲುತ್ತಾರೆ. ಅದು ಕ ಮತ್ತು ಷ ಸೇರಿದ ಒತ್ತಕ್ಷರವಾದ್ದರಿಂದ ನಿಘಂಟಿನಲ್ಲಿ ಕಕಾರದ ಒಳಗೇ, ಅದರ ಕೊನೆಯ ಪುಟಗಳಲ್ಲಿರುತ್ತದೆ. ಜಕಾರದ ಒಳಗೆ ‘ಜ್ಞ’ ಇರುವುದೂ ಹೀಗೆಯೇ. ‘ಕ್ಷೋಭೆ’ಗೆ ‘ಕದಡುವಿಕೆ, ಕಲಕುವಿಕೆ’ ಎಂಬಂತಹ ಅರ್ಥ ಸಿಗುತ್ತದೆ. ಚಿತ್ತವೆಂದರೆ ಮನಸ್ಸು. ಎರಡನ್ನೂ ಸೇರಿಸಿದರೆ ‘ಮನಸ್ಸು ಕದಡುವುದು’ ಎಂದಾಯಿತು. ಈ ಪದದ ಕೆಲಸ ಇಲ್ಲಿಗೆ ಮುಗಿಯಿತು.

‘ವ್ಯಾಕುಲತೆ’ಯನ್ನು ಆರಿಸಿದ್ದರೆ ದಾರಿ ಸ್ವಲ್ಪ ಬೇರೆ. ಅದು ನೇರವಾಗಿ ಸಿಗದಿದ್ದರೆ ಕೊನೆಯ ‘ತೆ’ ಪ್ರತ್ಯಯವನ್ನು ತೆಗೆದು ‘ವ್ಯಾಕುಲ’ವನ್ನು ನೋಡಬೇಕು. ಅದು ವಕಾರದ ಕೊನೆಯ ಭಾಗದಲ್ಲಿರುತ್ತದೆ. ‘ಕಳವಳಗೊಂಡ’ ಎಂಬಂತಹ ಅರ್ಥ ಅಲ್ಲಿ ಸಿಕ್ಕರೆ, ತೆಗೆದಿಟ್ಟ ಪ್ರತ್ಯಯವನ್ನು ಮತ್ತೆ ಸೇರಿಸಿ ‘ಕಳವಳಗೊಂಡಿರುವಿಕೆ’ ಎಂದು ಓದಿಕೊಳ್ಳಿ. ಪ್ರತ್ಯಯ ತೆಗೆದು ಹುಡುಕಿದವರು ಅದನ್ನು ಮತ್ತೆ ಸೇರಿಸಲು ಮರೆತರೆ, ಗುಣದ ಹೆಸರಿನ ಬದಲು ಗುಣವುಳ್ಳವನ ಅರ್ಥ ಕೈಗೆ ಬರುತ್ತದೆ.

ನಾಲ್ಕನೆಯ ಹೆಜ್ಜೆ: ಎರಡು ಜಿಗಿತಕ್ಕೆ ನಿಲ್ಲಿಸಿ

‘ಕಸಿವಿಸಿ’ಯಿಂದ ‘ಕ್ಷೋಭೆ’ಗೆ ಒಂದು ಜಿಗಿತ. ‘ಕ್ಷೋಭೆ’ಯ ಅರ್ಥದಲ್ಲೂ ಗೊತ್ತಿಲ್ಲದ ಪದವೇ ಇದ್ದರೆ ಇನ್ನೊಂದು ಜಿಗಿತ. ಅದಕ್ಕಿಂತ ಮುಂದೆ ಹೋಗಬೇಡಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಸಮಾನಾರ್ಥಕಗಳೆಂದು ಕರೆಯುವ ಪದಗಳು ಪೂರ್ತಿ ಸಮಾನವಾಗಿರುವುದಿಲ್ಲ, ಪ್ರತಿ ಜಿಗಿತದಲ್ಲೂ ಅರ್ಥ ಒಂದಿಷ್ಟು ಜರುಗುತ್ತದೆ. ‘ಕ್ಷೋಭೆ’ಯಿಂದ ‘ಅಲ್ಲೋಲಕಲ್ಲೋಲ’ಕ್ಕೆ ಹೋದರೆ ಅಲೆಯೆದ್ದ ಸಮುದ್ರದ ಚಿತ್ರ ಬರುತ್ತದೆ. ಹೊಗಳಿಕೆ ಕೇಳಿ ಮುಖ ತಗ್ಗಿಸಿ ಕುಳಿತವಳ ಮನಸ್ಸಿಗೂ ಅದಕ್ಕೂ ಬಹಳ ದೂರ. ಅರ್ಥ ಜರುಗಿದೆಯೇ ಎಂದು ತಿಳಿಯುವ ಬಗೆ ಸರಳ: ಸಿಕ್ಕ ಪದವನ್ನು ಚೀಟಿಯ ವಾಕ್ಯದಲ್ಲಿ ಇಟ್ಟು ಗಟ್ಟಿಯಾಗಿ ಓದಿದಾಗ ಸನ್ನಿವೇಶ ದೊಡ್ಡದಾಗಿಬಿಟ್ಟಿತೆಂದರೆ ನೀವು ದಾರಿ ಬಿಟ್ಟಿದ್ದೀರಿ.

ಎರಡು ಜಿಗಿತದೊಳಗೇ ಸುತ್ತಿ ಬಂದು ಹೊರಟಲ್ಲಿಗೆ ತಲುಪುವುದೂ ಉಂಟು. ‘ತಳಮಳ’ಕ್ಕೆ ‘ಕಳವಳ’ ಎಂದೂ, ‘ಕಳವಳ’ಕ್ಕೆ ‘ವ್ಯಾಕುಲತೆ, ತಳಮಳ’ ಎಂದೂ ಇದ್ದರೆ ವೃತ್ತ ಪೂರ್ಣವಾಯಿತು. ಇದನ್ನು ನಿಘಂಟಿನ ತಪ್ಪೆಂದು ತಳ್ಳಿಹಾಕಬೇಡಿ, ಈ ಪದಗಳೆಲ್ಲ ಒಂದೇ ಗುಂಪಿನವು ಎಂಬಷ್ಟನ್ನು ವೃತ್ತವೂ ಹೇಳುತ್ತದೆ. ಆ ಗುಂಪಿನಲ್ಲಿ ನೀವು ಮಾತಿನಲ್ಲಿ ಕೇಳಿದ ಪದ ಒಂದಾದರೂ ಇದ್ದರೆ ವೃತ್ತ ಅಲ್ಲಿ ತೆರೆದುಕೊಳ್ಳುತ್ತದೆ. ಒಂದೂ ಇಲ್ಲದಿದ್ದರೆ ಅದೇ ಪದದ ಕ್ರಿಯಾರೂಪವನ್ನು ನೋಡಿ. ‘ತಳಮಳಿಸು’, ‘ಕಳವಳಿಸು’ ಮುಂತಾದವುಗಳ ಎದುರು ಯಾರು, ಏನು ಮಾಡುವುದು ಎಂದು ಹೇಳಲೇಬೇಕಾಗುವುದರಿಂದ ವಿವರಣೆ ಹಲವು ಸಲ ಬಿಡಿಸಿ ಬರೆದಂತಿರುತ್ತದೆ. ಅದೂ ಕೈಕೊಟ್ಟರೆ ಶಾಲಾ ಮಕ್ಕಳಿಗಾಗಿ ಮಾಡಿದ ಚಿಕ್ಕ ನಿಘಂಟನ್ನು ತೆರೆಯಲು ಹಿಂಜರಿಯಬೇಡಿ. ದೊಡ್ಡ ನಿಘಂಟು ಒಂದು ಪದದಲ್ಲಿ ಮುಗಿಸಿದ್ದನ್ನು ಅದು ಒಂದು ವಾಕ್ಯದಲ್ಲಿ ಹೇಳಿರುವ ಸಂಭವವಿದೆ.

ಗಿಡ, ಹಕ್ಕಿ, ಮೀನುಗಳ ಹೆಸರಿಗೆ ಮಾತ್ರ ಈ ಕ್ರಮ ಒದಗುವುದಿಲ್ಲ. ‘ತುಂಬೆ’ಯ ಎದುರು ‘ದ್ರೋಣಪುಷ್ಪಿ’ ಎಂದಿದ್ದರೆ ಅದು ವಿವರಣೆಯಲ್ಲ, ಅದೇ ಗಿಡದ ಸಂಸ್ಕೃತದ ಹೆಸರು. ಆ ಹೆಸರನ್ನು ಹುಡುಕಿಕೊಂಡು ಹೋದರೆ ಬಹುಮಟ್ಟಿಗೆ ‘ತುಂಬೆ ಗಿಡ’ ಎಂಬಲ್ಲಿಗೇ ಮರಳುತ್ತೀರಿ. ಅಲ್ಲಿ ಬೇಕಾದದ್ದು ಚಿತ್ರ ಅಥವಾ ಗಿಡವನ್ನು ಬಲ್ಲ ಒಬ್ಬರು.

ಐದನೆಯ ಹೆಜ್ಜೆ: ವಾಕ್ಯಕ್ಕೆ ಮರಳಿ

ಸಿಕ್ಕ ಪದಗಳನ್ನು ಈಗ ಒಂದೊಂದಾಗಿ ಚೀಟಿಯ ವಾಕ್ಯದಲ್ಲಿ ಇಟ್ಟು ನೋಡಿ. ‘ತನ್ನ ಹೊಗಳಿಕೆ ಕೇಳಿ ಅವಳಿಗೆ ಚಿತ್ತಕ್ಷೋಭೆಯಾಯಿತು’ ಎಂದರೆ ಏನೋ ಆಘಾತವಾದಂತೆ ಕೇಳಿಸುತ್ತದೆ. ‘ತಳಮಳವಾಯಿತು’ ಎಂದರೂ ಮುಂದೇನು ಕೇಡು ಕಾದಿದೆಯೋ ಎಂಬ ಭಯ ಒಳಸೇರುತ್ತದೆ, ವಾಕ್ಯದಲ್ಲಿ ಅಂಥದ್ದೇನೂ ಇಲ್ಲ. ‘ಮುಜುಗರವಾಯಿತು’ ಎಂದಾಗ ವಾಕ್ಯ ತನ್ನ ಜಾಗದಲ್ಲಿ ಕೂರುತ್ತದೆ. ಇಲ್ಲಿ ಬೇಕಾದದ್ದು ಎರಡನೆಯ ಅಂಕೆಯ ಅರ್ಥ.

ಆದರೆ ‘ಮಗನ ಸುದ್ದಿ ಬಾರದೆ ಆ ನಾಲ್ಕು ದಿನವನ್ನು ಅವರು ಕಸಿವಿಸಿಯಲ್ಲಿ ಕಳೆದರು’ ಎಂಬ ವಾಕ್ಯದಲ್ಲಿ ‘ಮುಜುಗರ’ ಇಟ್ಟರೆ ಅರ್ಥವೇ ಕೆಡುತ್ತದೆ. ಅಲ್ಲಿ ಒಪ್ಪುವುದು ‘ತಳಮಳ’, ಎಂದರೆ ಮೊದಲ ಅಂಕೆಯ ಅರ್ಥ. ಕಠಿಣವೆಂದು ಬಿಡಬಹುದಾಗಿದ್ದ ‘ಚಿತ್ತಕ್ಷೋಭೆ’ಯನ್ನು ಬಿಡಿಸಿಕೊಂಡದ್ದು ಈಗ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಎರಡೂ ಅರ್ಥಗಳಿಗೆ ತಳದಲ್ಲಿ ಸಮಾನವಾಗಿರುವ ಅಂಶ, ಮನಸ್ಸು ತಿಳಿಯಾಗಿರದೆ ಕದಡುವುದು, ಆ ಪದದಲ್ಲಿದೆ. ಒಂದು ಕಡೆ ಸಂಕೋಚದಿಂದ ಕದಡಿದೆ, ಇನ್ನೊಂದು ಕಡೆ ಆತಂಕದಿಂದ.

ಇಷ್ಟಾದ ಮೇಲೆ ಚೀಟಿಯ ಕೆಳಭಾಗದಲ್ಲಿ ನಿಮ್ಮದೇ ಮಾತಿನ ಒಂದು ಸಾಲು ಬರೆಯಿರಿ. ಅದರಲ್ಲಿ ನಿಘಂಟಿನಿಂದ ಎತ್ತಿಕೊಂಡ ಕಠಿಣ ಪದ ಒಂದೂ ಇರಬಾರದು: ‘ಕಸಿವಿಸಿ: ನಾಚಿಕೆಯಿಂದಲೋ ಚಿಂತೆಯಿಂದಲೋ ಮನಸ್ಸಿಗೆ ನೆಮ್ಮದಿ ತಪ್ಪುವುದು.’ ಬರೆಯಲು ಹೊರಟು ‘ಕ್ಷೋಭೆ’ ಎಂಬ ಪದವನ್ನು ಬಿಟ್ಟು ಮುಂದೆ ಸಾಗಲಾಗದಿದ್ದರೆ, ಆ ಪದ ಇನ್ನೂ ಅರ್ಥವಾಗಿಲ್ಲವೆಂದು ತಿಳಿದು ಮೂರನೆಯ ಹೆಜ್ಜೆಗೆ ಮರಳಿ.